ಪರದೆಯಲ್ಲಿ ಹಸಿರು ಚುಕ್ಕೆ, ಘಾಟಿಯಲ್ಲಿ ಬಾಗಿಲು ತೆರೆದ ಲಾರಿ

ಲಾರಿಗೆ ಜಿಪಿಎಸ್, ಸೆನ್ಸರ್ ಹಾಕಿಸಿ ನೆಮ್ಮದಿಯಾಗಿ ಮಲಗುವವರು ಇದನ್ನೊಮ್ಮೆ ಓದಿ. ನಾನೂ ಹಾಗೇ ಮಲಗಿದ್ದೆ.

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೋಡ್ ಕಳಿಸುವ ಕೆಲಸ ನನ್ನದು. ಕಳೆದ ಜುಲೈನಲ್ಲಿ 60 ಕೆಜಿಯ 160 ಗೋಣಿ ಚೀಲ ರೋಬಸ್ಟಾ ಮಂಗಳೂರಿನ ಗೋದಾಮಿಗೆ ಹೊರಟಿತು. ಮುಚ್ಚಿದ ಬಾಡಿಯ ಲಾರಿ. ಟ್ರ್ಯಾಕರ್ ಜೊತೆ ಬಾಗಿಲಿಗೊಂದು ಸೆನ್ಸರ್, ಒಳಗೆ ತೇವಾಂಶದ ಸೆನ್ಸರ್. ಇದನ್ನೆಲ್ಲ ಬೆಂಗಳೂರಿನ ಒಂದು ಕಂಪನಿಯ ಕಂಟ್ರೋಲ್ ಟವರ್ ಹಗಲೂ ರಾತ್ರಿ ನೋಡಿಕೊಳ್ಳುತ್ತದೆ, ಏನಾದರೂ ಎಡವಟ್ಟಾದರೆ ಅಲರ್ಟ್ ಬರುತ್ತದೆ ಅನ್ನೋದು ಒಪ್ಪಂದ.

ಸಂಜೆ 6:10ಕ್ಕೆ ಲಾರಿ ಬಿಟ್ಟಿತು. ರಾತ್ರಿ ಹತ್ತಕ್ಕೆ ಮೊಬೈಲಲ್ಲಿ ನೋಡಿದೆ. ಹಸಿರು ಚುಕ್ಕೆ, `On Time`, ತಲುಪುವ ಹೊತ್ತು 11:30. ಮಲಗಿಬಿಟ್ಟೆ. ಆ ಚುಕ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ `Last updated 19:48` ಅಂತ ಇತ್ತು. ಅದನ್ನು ಓದಲಿಲ್ಲ, ನೋಡಿ.

ಆಗಿದ್ದು ಇಷ್ಟು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಮರ ಬಿದ್ದು ರಸ್ತೆ ಕಟ್ಟಿಕೊಂಡಿತ್ತು. ಲಾರಿ ಸಾಲಿನಲ್ಲಿ ನಿಂತಿತು. ಕ್ಲೀನರ್ ಹುಡುಗ ಮಳೆಗೆ ಹೆದರಿ ಹಿಂದಿನ ಬಾಗಿಲು ತೆಗೆದು ಚೀಲಗಳ ಮೇಲೆ ಮಲಗಿದ. ಗಾಳಿಗೆ ಅಂತ ಅರ್ಧ ತೆರೆದೇ ಇಟ್ಟ. ಘಾಟಿಯ ಮಳೆ ನೆಟ್ಟಗೆ ಬೀಳುತ್ತದಾ? ಎರಚಲು ಒಳಗೇ ಹೊಡೆಯಿತು.

ಟ್ರ್ಯಾಕರ್‌ಗೆ ಇದೆಲ್ಲ ಗೊತ್ತಿತ್ತು. ಜಾಗ ತಿಳಿಯಲು ಅದಕ್ಕೆ ಆಕಾಶದ ಉಪಗ್ರಹ ಸಾಕು. ಆದರೆ ತಿಳಿದದ್ದನ್ನು ಹೇಳಲು ಮೊಬೈಲ್ ಸಿಗ್ನಲ್ ಬೇಕು, ಅದು ಅಲ್ಲಿರಲಿಲ್ಲ. ಹಾಗಾಗಿ ಎಲ್ಲವನ್ನೂ ತನ್ನೊಳಗೇ ಬರೆದಿಟ್ಟುಕೊಂಡು, ಕೆಳಗೆ ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಿತು. ಆಮೇಲೆ ತರಿಸಿಕೊಂಡ ಫೈಲಿನ ಎರಡು ಸಾಲು ಇವು:

```
device_time,server_time,event
21:14:08,01:52:31,DOOR_OPEN
22:53:40,01:52:33,DOOR_CLOSE
```

ಪ್ರತಿ ಸಾಲಿನಲ್ಲಿ ಮೊದಲನೆಯದು ಘಟನೆ ನಡೆದ ಹೊತ್ತು, ಎರಡನೆಯದು ಕಂಪನಿಯ ಸರ್ವರ್‌ಗೆ ಸುದ್ದಿ ಮುಟ್ಟಿದ ಹೊತ್ತು. ಬಾಗಿಲು ತೆರೆದ ಸುದ್ದಿಗೆ ಇವೆರಡರ ನಡುವೆ ನಾಲ್ಕೂವರೆ ಗಂಟೆಗೂ ಹೆಚ್ಚು. ಅವರ ನಿಯಮ ಹೇಗಿತ್ತೆಂದರೆ, 15 ನಿಮಿಷಕ್ಕಿಂತ ಹಳೆಯ ಸುದ್ದಿ ಬಂದರೆ ಉಳಿಸಿಟ್ಟುಕೋ, ಅಲರ್ಟ್ ಮಾತ್ರ ಕೊಡಬೇಡ! ಹಳೇ ಸುದ್ದಿಗೆ ಸುಮ್ನೆ ಗದ್ದಲ ಯಾಕೆ ಅಂತ. ಲಾರಿಯೊಳಗಿನ ಗಾಳಿಯ ತೇವಾಂಶ ಶೇ 71ರಿಂದ 96ಕ್ಕೆ ಏರಿದ್ದೂ ಹಾಗೇ ಕಡತ ಸೇರಿತು.

1:52ಕ್ಕೆ ಒಂದು ಮೆಸೇಜ್ ಬಂದಿದ್ದರೂ ಸಾಕಿತ್ತು. ಲಾರಿ ಗೋದಾಮು ಮುಟ್ಟಿದ್ದು ಬೆಳಗಿನ ಜಾವ. ಬಾಗಿಲ ಹತ್ತಿರದ ಚೀಲಗಳನ್ನು ಬೇರೆ ಇಡಿಸಬಹುದಿತ್ತು. ಮೊದಲು ಇಳಿಯುವುದೂ ಅವೇ, ಆದ್ದರಿಂದ ಅಟ್ಟಿಯ ಬುಡಕ್ಕೆ ಹೋದವು. ನಾಲ್ಕನೇ ದಿನ ಅಲ್ಲಿಂದ ಫೋನ್: "ಸಾರ್, ನಿಮ್ಮ ಅಟ್ಟಿ ಯಾಕೋ ಮುಗ್ಗಲು ವಾಸನೆ ಬರ್ತಿದೆ." ಮೀಟರ್ ಇಟ್ಟು ನೋಡಿದರೆ ಕಾಳಿನ ತೇವಾಂಶ ಒಣ ಚೀಲದಲ್ಲಿ ಶೇ 11.2, ಬುಡದ್ದರಲ್ಲಿ 15ರ ಮೇಲೆ. ಕೊಳ್ಳುವವರು ಹಾಕಿದ್ದ ಮಿತಿ 12.5. ಒಟ್ಟು 23 ಚೀಲ ಹೋಯಿತು. ಕಂಪನಿಯವರನ್ನು ಕೇಳಿದರೆ, "ಡೇಟಾ ಎಲ್ಲಾ ಇದೆ ಸಾರ್" ಅಂದರು. ಇತ್ತು, ನಿಜ.

ನನ್ನ ತಪ್ಪೂ ಇದೆ. ಅರ್ಧ ಗಂಟೆ ಸುದ್ದಿ ಇಲ್ಲದಿದ್ದರೆ ಅಲರ್ಟ್ ಅನ್ನೋ ನಿಯಮ ಮೊದಲು ಇತ್ತು. ಪ್ರತಿ ಲಾರಿಯೂ ಘಾಟಿಯಲ್ಲಿ ಮೌನವಾಗುತ್ತದಲ್ವಾ, ದಿನಾ ಫೋನ್ ಕಿರುಚುತ್ತಿತ್ತು. ತಲೆಚಿಟ್ಟು ಹಿಡಿದು ನಾನೇ ಅದನ್ನು ಆರು ಗಂಟೆಗೆ ಏರಿಸಿ ಅಂದಿದ್ದೆ. ಆ ರಾತ್ರಿಯ ಮೌನ ಆರು ಗಂಟೆ ನಾಲ್ಕು ನಿಮಿಷ. ಮೊದಲ ಅಲರ್ಟ್ ಬಂದಿದ್ದು 1:48ಕ್ಕೆ, ನಾಲ್ಕು ನಿಮಿಷಕ್ಕೆ ಲಾರಿ ಮತ್ತೆ ಕಾಣಿಸಿತು ಅಂತ ತಾನೇ ಮುಚ್ಚಿಕೊಂಡಿತು. ತಲುಪುವ ಹೊತ್ತಿನ ಲೆಕ್ಕವೂ ಹೊಸ ಜಾಗ ಬಂದರೆ ಮಾತ್ರ ಬದಲಾಗುತ್ತಿತ್ತು. ಬರಲಿಲ್ಲ, ಅದಕ್ಕೇ ಆ ಹಸಿರು.

ಈಗ ನಿಯಮವನ್ನು ಗಡಿಯಾರಕ್ಕಲ್ಲ, ದಾರಿಗೆ ಕಟ್ಟಿಸಿದ್ದೇನೆ. ಮಡಿಕೇರಿಯ ಆಚೆ ಒಂದು ಗೆರೆ, ಸಂಪಾಜೆಯಲ್ಲಿ ಇನ್ನೊಂದು. ನಮ್ಮ ಲಾರಿಗಳಿಗೆ ನಡುವೆ ಸಾಮಾನ್ಯವಾಗಿ ಒಂದೂಕಾಲು ಗಂಟೆ ಹಿಡಿಯುತ್ತದೆ. ಎರಡು ಗಂಟೆಯಾದರೂ ಎರಡನೇ ಗೆರೆ ದಾಟದಿದ್ದರೆ ಕಂಟ್ರೋಲ್ ಟವರ್‌ನವರು ಫೋನ್ ಮಾಡಬೇಕು. ಡ್ರೈವರ್‌ಗೆ ಮಾಡಿ ಪ್ರಯೋಜನವಿಲ್ಲ, ಅವನಿಗೂ ಸಿಗ್ನಲ್ ಇರಲ್ಲ. ಸಂಪಾಜೆಯಲ್ಲಿ ಲಾರಿಯವರು ಊಟಕ್ಕೆ ನಿಲ್ಲುವ ಹೋಟೆಲಿನ ನಂಬರ್ ಕೊಟ್ಟಿದ್ದೇನೆ. ಮೇಲೆ ರಸ್ತೆ ಕಟ್ಟಿದ್ದರೆ ಅವರಿಗೆ ಮೊದಲು ಗೊತ್ತಾಗುತ್ತದೆ. ಬಾಗಿಲು ಮತ್ತು ತೇವಾಂಶದ ಸುದ್ದಿ ಎಷ್ಟೇ ತಡವಾಗಿ ಬರಲಿ, ಅಲರ್ಟ್ ಕೊಡಲೇಬೇಕು, ನಡೆದ ಹೊತ್ತನ್ನೂ ಬರೆಯಬೇಕು.

ಕೊಳ್ಳುವ ಮೊದಲು ಡೆಮೊ ಬೆಂಗಳೂರಿನ ರಿಂಗ್ ರೋಡಲ್ಲಿ ನೋಡಬೇಡಿ, ಅಲ್ಲಿ ಎಲ್ಲರದ್ದೂ ಓಡುತ್ತದೆ. ಖಾಲಿ ಪಿಕಪ್‌ಗೆ ಹಾಕಿಸಿ, ಘಾಟಿಯಲ್ಲಿ ಸಿಗ್ನಲ್ ಸತ್ತ ತಿರುವಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಾಗಿಲು ತೆಗೆಸಿ. ಅಲ್ಲೇ ಅರ್ಧ ಗಂಟೆ ಕಾಯಿಸಿ, ಕೆಳಗೆ ಇಳಿಸಿ. ನಿಮ್ಮ ಫೋನಿಗೆ ಮೆಸೇಜ್ ಬರುತ್ತದಾ ನೋಡಿ. ನಾನು ಹೀಗೆ ಮಾಡಿಸಿದ ಮೊದಲ ಸಲ ಬರಲೇ ಇಲ್ಲ. ಎರಡನೇ ಸಲ ಬಂತು, ಆದರೆ ಬಾಗಿಲು ತೆರೆದ ಜಾಗ ಸಂಪಾಜೆ ಪೇಟೆ ಅಂತ ತೋರಿಸಿತು. ಮೂರನೇ ಸಲ ಸರಿಯಾದ ಮೇಲೆ ದುಡ್ಡು ಕೊಟ್ಟೆ.