ಟೊಮೆಟೊ ಸಸಿಗೆ 50 ಮೆಶ್ ಪರದೆ: ನಾಲ್ಕು ವರ್ಷ ಬಳಸಿದ ಮೇಲೆ

ಕೋಲಾರದ ಕಡೆ ನಮ್ಮದು ಒಂದೂವರೆ ಎಕರೆ. ಒಂದು ಎಕರೆಗೆ ಟೊಮೆಟೊ, ಉಳಿದದ್ದಕ್ಕೆ ಮೆಣಸಿನಕಾಯಿ. ಸಸಿ ಮಡಿಗೆ ಬಿಳಿ ನೈಲಾನ್ ಪರದೆ ಕಟ್ಟಿ ನಾಲ್ಕು ವರ್ಷ ಆಯಿತು. ಅಂಗಡಿಯವರು ಹೇಳದ ಒಂದೆರಡು ವಿಷಯ ಇದ್ದಾವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಾಕೆ ಕೊಂಡೆ ಅಂತ ಹೇಳುತ್ತೇನೆ. ಹಿಂದೆ ಹೊರಗಡೆ ಬೆಳೆಸಿದ ಸಸಿ ತಂದು ನೆಡುತ್ತಿದ್ದೆ. ನಾಟಿ ಮಾಡಿದ ಒಂಬತ್ತು, ಹತ್ತನೇ ದಿನಕ್ಕೇ ಅಲ್ಲಲ್ಲಿ ಗಿಡದ ತುದಿ ಚಿಕ್ಕದಾಗಿ ಗುಂಪುಗಟ್ಟುತ್ತಿತ್ತು. ಹೊಸ ಎಲೆಯ ಅಂಚು ಮೇಲಕ್ಕೆ ಮಡಚಿ ಬಟ್ಟಲಿನ ಹಾಗೆ ಆಗುತ್ತಿತ್ತು, ನರಗಳ ನಡುವೆ ಹಳದಿ. ಆಗೆಲ್ಲಾ ನಾನು ಹೊಲದಲ್ಲಿರುವ ಬಿಳಿನೊಣವನ್ನೇ ಬೈದು ಔಷಧಿ ಹೊಡೆಯುತ್ತಿದ್ದೆ. ಆದರೆ ಲೆಕ್ಕ ಹಾಕಿ ನೋಡಿ. ಇದು ಎಲೆ ಮುಟುರು ರೋಗ, ಇದರ ನಂಜನ್ನು ಹರಡುವುದು ಬಿಳಿನೊಣ. ನಂಜು ಗಿಡಕ್ಕೆ ಹೊಕ್ಕ ಮೇಲೆ ಮುಟುರು ಕಣ್ಣಿಗೆ ಕಾಣಲು ಸುಮಾರು ಎರಡು ವಾರ ಬೇಕು. ಹತ್ತನೇ ದಿನಕ್ಕೆ ಕಂಡಿತು ಅಂದರೆ ಅದು ಹೊಲದಲ್ಲಿ ತಗುಲಿದ್ದಲ್ಲ, ಟ್ರೇಯಲ್ಲೇ ಬಂದದ್ದು. ನಾನು ರೋಗವನ್ನು ದುಡ್ಡು ಕೊಟ್ಟು ತಂದು ನೆಟ್ಟಿದ್ದೆ! ನಾಟಿ ಮಾಡಿ ತಿಂಗಳ ಮೇಲೆ ಕಂಡರೆ ಅದು ಹೊಲದ್ದು, ನಷ್ಟವೂ ಕಡಿಮೆ. ಎಳೆಯದರಲ್ಲೇ ತಗುಲಿದ ಗಿಡ ಹೂ ಉದುರಿಸಿಕೊಂಡು ಕಾಯಿ ಬಿಡದೇ ನಿಲ್ಲುತ್ತದೆ.

ಮೊದಲ ಪರದೆಯಲ್ಲಿ ಮೋಸ ಹೋದೆ. 50 ಮೆಶ್ ಅಂತ ಒಂದು ಅಂಗಡಿಯಲ್ಲಿ ಕೊಂಡೆ. ಮನೆಗೆ ಬಂದು ಅಂಗುಲದ ಪಟ್ಟಿ ಇಟ್ಟು, ಫೋನ್ ಕ್ಯಾಮೆರಾ ಜೂಮ್ ಮಾಡಿ ಎಳೆ ಎಣಿಸಿದರೆ ಅಂಗುಲಕ್ಕೆ 32! ಬಿಳಿನೊಣ ಒಂದು ಮಿಲಿಮೀಟರ್ ಉದ್ದ, ಅದರ ಎದೆ ಅದಕ್ಕಿಂತ ಬಹಳ ಸಣ್ಣ. ನಿಜವಾದ 50 ಮೆಶ್‌ನ ತೂತು ಕಿರಿದಾದ ಕಡೆ ಕಾಲು ಮಿಲಿಮೀಟರ್ ಆಸುಪಾಸು, ಅಲ್ಲಿ ನುಸುಳುವುದು ಅದಕ್ಕೆ ಕಷ್ಟ. 32 ಎಳೆಯಲ್ಲಿ ಆರಾಮಾಗಿ ಬರುತ್ತದೆ. ಈಗ ನಾನು ಅಂಗಡಿಯಲ್ಲೇ ಎಣಿಸಿ ಕೊಳ್ಳುತ್ತೇನೆ. ಸಾಮಾನ್ಯವಾಗಿ ಒಂದು ಕಡೆ 50, ಇನ್ನೊಂದು ಕಡೆ ಅದರ ಅರ್ಧದಷ್ಟು ಎಳೆ ಇರುತ್ತದೆ. ಜಾಸ್ತಿ ಇರುವ ಕಡೆಯನ್ನೇ ಎಣಿಸಬೇಕು.

ಎರಡನೇ ಪರದೆ ಸರಿಯಾಗಿತ್ತು. 12 ಅಡಿ ಅಗಲ, 40 ಅಡಿ ಉದ್ದಕ್ಕೆ ಬಿದಿರು ಗಳ ನೆಟ್ಟು ಕಟ್ಟಿದೆ. ಪಕ್ಕದ ಹೊಲದ ಹಿರಿಯರು ನೋಡಿ ನಕ್ಕರು. "ಏನಪ್ಪಾ, ಸಸಿಗೂ ಸೊಳ್ಳೆ ಪರದೆನಾ?" ಅಂದರು. ನನಗೂ ನಗು ಬಂತು. ಆದರೆ ಮೊದಲ ಸಲವೇ ಒಳಗೆ ನೇತುಹಾಕಿದ್ದ ಹಳದಿ ಅಂಟು ಹಾಳೆಯಲ್ಲಿ ನಾಲ್ಕನೇ ದಿನಕ್ಕೆ ಮೂರು ಬಿಳಿನೊಣ ಅಂಟಿದ್ದವು. ಪರದೆ ಹರಿದಿರಲಿಲ್ಲ. ಬಹಳ ಹೊತ್ತು ಹುಡುಕಿದೆ. ಕೊನೆಗೆ ಗೊತ್ತಾಯಿತು, ಬಾಗಿಲು ಒಂದೇ ಪದರದ್ದು, ಮೇಲಾಗಿ ನಾನು ಹಳದಿ ಟೀ ಶರ್ಟ್ ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ಬಿಳಿನೊಣಕ್ಕೆ ಹಳದಿ ಎಂದರೆ ಸೆಳೆತ. ಅದಕ್ಕೇ ಅಂಟು ಹಾಳೆಯೂ ಹಳದಿ. ಅಂಗಿಯ ಮೇಲೆ ಕೂತು ಸವಾರಿ ಬಂದಿದ್ದವು.

ಆಮೇಲೆ ಎರಡು ಬಾಗಿಲು ಮಾಡಿದೆ, ನಡುವೆ ನಾಲ್ಕು ಅಡಿ ಜಾಗ. ಮೊದಲ ಬಾಗಿಲು ಮುಚ್ಚಿ, ಬಟ್ಟೆ ಕೊಡವಿಕೊಂಡು, ಆಮೇಲೆ ಎರಡನೆಯದು ತೆಗೆಯುವುದು. ಪರದೆಯ ಬುಡವನ್ನು ಒಂದು ಅಡಿ ಮಣ್ಣಲ್ಲಿ ಹೂತೆ. ಇದಾದ ಮೇಲೆ ಹಾಳೆ ಹೆಚ್ಚು ಕಡಿಮೆ ಖಾಲಿಯೇ ಇತ್ತು. ಈ ಹಾಳೆ ರೋಗ ತಡೆಯುತ್ತದೆ ಅಂತ ಯಾರೂ ತಿಳಿಯಬೇಡಿ. ಅದು ಬಾಗಿಲು ಸರಿ ಇದೆಯಾ ಅಂತ ಹೇಳುವ ಸಾಧನ, ಅಷ್ಟೇ. ಸಸಿಯ ತುದಿಯ ಎತ್ತರಕ್ಕೆ ಕಟ್ಟಿ, ಎರಡು ದಿನಕ್ಕೊಮ್ಮೆ ನೋಡಬೇಕು.

ಈಗ ಪರದೆಯ ದೋಷಗಳು. ಒಳಗೆ ಬಿಸಿ ಜಾಸ್ತಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೊರಗಿಂತ ಸೆಕೆ ಎದ್ದು ಕಾಣುತ್ತದೆ, ಗಾಳಿ ಆಡುವುದಿಲ್ಲ. ಎರಡನೇ ಸಲ ಸಂಜೆ ನೀರು ಜಾಸ್ತಿ ಕೊಟ್ಟು ಬುಡ ಕೊಳೆತು, 60 ಟ್ರೇಯಲ್ಲಿ ಏಳು ಟ್ರೇ ಸಸಿ ಮಲಗಿಬಿಟ್ಟವು. ಈಗ ಬೆಳಿಗ್ಗೆ ಮಾತ್ರ ನೀರು, ಅದೂ ಕೋಕೋಪಿಟ್ ಮುಟ್ಟಿ ನೋಡಿ. ಧೂಳು ಕೂತರೆ ತೂತು ಮುಚ್ಚಿ ಇನ್ನೂ ಬಿಸಿ. ತಿಂಗಳಿಗೊಮ್ಮೆ ಪೈಪ್ ಹಿಡಿದು ತೊಳೆಯಬೇಕು. ಥ್ರಿಪ್ಸ್ ಅನ್ನುವ ಹುಳ ಬಿಳಿನೊಣಕ್ಕಿಂತ ತೆಳ್ಳಗೆ, ಅದು ಈ ಪರದೆಯೊಳಗೂ ನುಸುಳುತ್ತದೆ. ಹಾಗಾಗಿ ಥ್ರಿಪ್ಸ್ ತರುವ ನಂಜಿನಿಂದ ಚಿಗುರು ಕಪ್ಪಾಗಿ ಒಣಗುವ ರೋಗಕ್ಕೆ ಇದು ಪೂರ್ತಿ ಉತ್ತರ ಅಲ್ಲ.

ಮೆಣಸಿನಕಾಯಿಗೂ ಇದೇ ಪರದೆಯಲ್ಲಿ 35, 40 ದಿನ ಸಸಿ ಇಡುತ್ತೇನೆ. ಸಸಿ ಮಡಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಲಕ್ಕೆ ಹೋದ ಮೇಲೆ ಕಥೆ ಬೇರೆ. ಅಲ್ಲಿ ಮೆಣಸಿನಕಾಯಿಗೆ ಮೊಸಾಯಿಕ್ ರೋಗದ ನಂಜು ತರುವುದು ಗಿಡಹೇನು, ಅದು ನಂಜು ಹರಡುವ ರೀತಿಯೇ ಬೇರೆ. ಬಿಳಿನೊಣಕ್ಕೆ ಮುಟುರು ರೋಗದ ನಂಜು ಹೀರಲೂ, ಇನ್ನೊಂದು ಗಿಡಕ್ಕೆ ಕೊಡಲೂ ಒಳ್ಳೆಯ ಹೊತ್ತು ಬೇಕು. ಹೀರಿದ ನಂಜು ಅದರ ಮೈಯೊಳಗೆ ಸುತ್ತಿ ಬರಲು ಇನ್ನೂ ಹಲವು ಗಂಟೆ. ಆದರೆ ಒಮ್ಮೆ ಹೊತ್ತ ಮೇಲೆ ಬಹಳ ದಿನ ಬಿಡುವುದಿಲ್ಲ. ಹೇನು ಹಾಗಲ್ಲ. ಮೊಸಾಯಿಕ್ ನಂಜನ್ನು ಒಂದು ನಿಮಿಷದೊಳಗೆ ಚುಚ್ಚಿ ಎತ್ತಿಕೊಂಡು, ಮುಂದಿನ ಗಿಡಕ್ಕೆ ಅಷ್ಟೇ ಬೇಗ ಕೊಟ್ಟುಬಿಡುತ್ತದೆ. ಔಷಧಿ ಹೇನನ್ನು ಕೊಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಾನು ಮೂರು ಸಲ ಹೊಡೆದ ವರ್ಷವೂ ಎಲೆಯಲ್ಲಿ ಹಸಿರು, ತಿಳಿ ಹಸಿರು ಚಿತ್ತಾರ ಬಂತು.

ಅದಕ್ಕೆ ನಾನು ಈಗ ಮಾಡುವುದು ಮೆಕ್ಕೆಜೋಳದ ಬೇಲಿ. ಮೆಣಸಿನಕಾಯಿ ನೆಡುವ ಮೂರು ವಾರ ಮೊದಲೇ ಸುತ್ತ ಮೂರು ಸಾಲು ಬಿತ್ತುತ್ತೇನೆ. ಹಾರಿಬರುವ ಹೇನು ಮೊದಲು ಜೋಳದ ಮೇಲೆ ಇಳಿದು ಒಂದೆರಡು ಸಲ ಚುಚ್ಚುತ್ತದೆ, ಅದರ ಸೂಜಿ ಅಲ್ಲೇ ಒರಸಿಹೋಗುತ್ತದೆ. ಹೊತ್ತು ತಂದ ನಂಜು ಅಲ್ಲೇ ಕಳೆದುಹೋಗುತ್ತದೆ. ಬೇಲಿ ಬೆಳೆಯದೆ ಸಸಿ ನೆಟ್ಟ ವರ್ಷ ಅಂಚಿನ ಸಾಲುಗಳಲ್ಲೇ ಮೊಸಾಯಿಕ್ ಮೊದಲು ಕಾಣಿಸಿತು. ಒಳಗೆ ಆಮೇಲೆ.

ಟೊಮೆಟೊ ಹೊಲಕ್ಕೆ ಹೋದ ಮೇಲೆ ಬಿಳಿನೊಣದ ಕಾಟ ತಪ್ಪದು. 1999ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ಅದರ 'ಬಿ' ತಳಿ ಕಂಡದ್ದೂ ನಮ್ಮ ಕೋಲಾರದಲ್ಲೇ. ಒಂದೇ ಔಷಧಿ ಮೇಲಿಂದ ಮೇಲೆ ಹೊಡೆದು ನಾವೇ ಅದನ್ನು ಗಟ್ಟಿ ಮಾಡಿದ್ದೇವೆ. ನಾನು ಸಸಿ ಕೀಳುವ ಹಿಂದಿನ ದಿನ ಟ್ರೇಗೆ ಒಂದು ಸಲ ಇಮಿಡಾಕ್ಲೋಪ್ರಿಡ್ ಸುರಿಯುತ್ತೇನೆ, ಪ್ರಮಾಣ ಚೀಟಿಯಲ್ಲಿರುವಷ್ಟೇ. ಆಮೇಲೆ ಮೊದಲ ತಿಂಗಳು ಮುಟುರು ಕಂಡ ಗಿಡವನ್ನು ಚೀಲದೊಳಗೆ ಹಾಕಿ ಕಿತ್ತು ಹೂಳುತ್ತೇನೆ. ಸುಮ್ನೆ ಕಿತ್ತು ಬದುವಿನಲ್ಲಿ ಎಸೆದರೆ ನೊಣ ಪಕ್ಕದ ಗಿಡಕ್ಕೆ ಹಾರುತ್ತದೆ, ಅಲ್ವಾ? ಬದುವಿನ ಕಾಂಗ್ರೆಸ್ ಗಿಡವನ್ನೂ ನಾಟಿಗೆ ಮೊದಲೇ ತೆಗೆಸುತ್ತೇನೆ.

ಪರದೆ ಇಲ್ಲದ ಕೊನೆಯ ವರ್ಷ ಮೊದಲ 30 ದಿನದಲ್ಲಿ ಒಂದು ಸಾಲಿನ 100 ಗಿಡದಲ್ಲಿ 38ಕ್ಕೆ ಮುಟುರು ಇತ್ತು. ಕಳೆದ ವರ್ಷ ಅಷ್ಟೇ ದಿನದಲ್ಲಿ 100ಕ್ಕೆ 6. ಎರಡು ವರ್ಷದ ಹವೆ ಒಂದೇ ಅಲ್ಲ, ಹಾಗಾಗಿ ಪೂರ್ತಿ ಶ್ರೇಯ ಪರದೆಗೆ ಕೊಡುವುದಿಲ್ಲ. ರೋಗ ತಡೆಯುವ ತಳಿ ನೆಡುವವರಿಗೆ ಇಷ್ಟು ಜಾಗ್ರತೆ ಬೇಡವಾಗಬಹುದು. ಬೆಂಗಳೂರು ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ಅಂಥದ್ದು. ಆದರೆ ನಮ್ಮ ಮಾರುಕಟ್ಟೆಯಲ್ಲಿ ನಾನು ನೆಡುವ ತಳಿಯ ಕಾಯಿಗೇ ಬೆಲೆ.

ಖರ್ಚು: ಪರದೆ ಐದು ಸಾವಿರದ ಒಳಗೆ, ಗಳ ನಮ್ಮದೇ. ಬಿಸಿಲಿಗೆ ಈಗ ತೆಂಕಣ ಬದಿ ಮುಟ್ಟಿದರೆ ಪುಡಿಪುಡಿ ಆಗುತ್ತಿದೆ. ಆ ಒಂದು ಬದಿ ಈ ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಬಿಸಿಗೆ.