ವಾಯ್ಸ್ ನೋಟ್ ಮೊದಲಾ, ವೀಡಿಯೋ ಕಾಲ್ ಮೊದಲಾ? ಭೇಟಿಗೆ ಮುಂಚೆ ನಾನು ಎರಡನ್ನೂ ಮಾಡಿ ನೋಡಿದ್ದು

ನಮ್ಮ ಮನೆ ಬದಿಯಡ್ಕದ ಹತ್ತಿರ. ಡೇಟಿಂಗ್ ಆ್ಯಪ್‌ನಲ್ಲಿ ದೂರವನ್ನು 50 ಕಿಲೋಮೀಟರ್‌ಗೆ ಇಟ್ಟರೆ ಉತ್ತರಕ್ಕೆ ಮಂಗಳೂರಿನವರು, ಈಶಾನ್ಯಕ್ಕೆ ಪುತ್ತೂರಿನವರು, ದಕ್ಷಿಣಕ್ಕೆ ಕಾಞಂಗಾಡಿನವರು ಒಟ್ಟಿಗೇ ಬರುತ್ತಾರೆ. ಚಾಟ್‌ನಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದು. ಯಾರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಯಾರು ತುಳು, ಯಾರು ಮಲಯಾಳ ಅಂತ ಗೊತ್ತೇ ಆಗುವುದಿಲ್ಲ. ಹಾಗಂತ ಒಮ್ಮೆ ಭೇಟಿಯಾಗಿ ನೋಡೋಣ ಅನ್ನುವಷ್ಟು ಸುಲಭವೂ ಅಲ್ಲ. ಕಾಸರಗೋಡು ಪೇಟೆಯಲ್ಲಿ ಯಾರ ಜೊತೆಗಾದರೂ ಕೂತು ಚಹಾ ಕುಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ತಲುಪಿರುತ್ತದೆ. ಹಾಗಾಗಿ ಭೇಟಿ ಅಂದರೆ ನನಗೆ ಮಂಗಳೂರು, ಅಂದರೆ ಇಡೀ ಒಂದು ಭಾನುವಾರ. ಅಷ್ಟು ಕೊಡುವ ಮೊದಲು ಆ ಮನುಷ್ಯನ ಜೊತೆ ಸ್ವಲ್ಪ ಆರಾಮ ಅನ್ನಿಸಬೇಕಲ್ವಾ?

ಕಳೆದ ವರ್ಷ ಇಬ್ಬರ ಜೊತೆ ಎರಡು ದಾರಿ ಹಿಡಿದೆ. ಹೆಸರು ಬೇಡ, ಒಬ್ಬರನ್ನು ಪುತ್ತೂರಿನವರು, ಇನ್ನೊಬ್ಬರನ್ನು ಮಂಜೇಶ್ವರದವರು ಅಂತ ಕರೆಯುತ್ತೇನೆ. ಪುತ್ತೂರಿನವರ ಜೊತೆ ಐದು ವಾರ ಬರೀ ವಾಯ್ಸ್ ನೋಟ್. ಮಂಜೇಶ್ವರದವರ ಜೊತೆ ನಾಲ್ಕನೇ ದಿನವೇ ವೀಡಿಯೋ ಕಾಲ್.

ಮೊದಲು ವಾಯ್ಸ್ ನೋಟ್ ವಿಷಯ. ನಮ್ಮಂಥ ಒಳನಾಡಿನ ಮನೆಗೆ ಇದರ ದೊಡ್ಡ ಅನುಕೂಲ ಏನೆಂದರೆ ನೆಟ್‌ವರ್ಕ್ ಕೈಕೊಟ್ಟರೂ ನಡೆಯುತ್ತದೆ. ರೆಕಾರ್ಡ್ ಮಾಡಿ ಕಳಿಸಿದರೆ ಒಂದು ಕಡ್ಡಿ ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಮೈಕ್ ಒತ್ತಿಕೊಂಡು ಮೇಲಕ್ಕೆ ಎಳೆದರೆ ಲಾಕ್ ಆಗುತ್ತದೆ, ಬೆರಳು ಹಿಡಿದುಕೊಂಡೇ ಇರಬೇಕಾಗಿಲ್ಲ. ಕಳಿಸುವ ಮೊದಲು ನಿಲ್ಲಿಸಿ ಒಮ್ಮೆ ಕೇಳಬಹುದು. ನಾನು ಸಂಜೆ ಅಡಿಕೆ ಅಂಗಳದಲ್ಲಿ ನಡೆಯುತ್ತಾ ಮಾತಾಡುತ್ತಿದ್ದೆ. ಮನೆಯೊಳಗೆ ಆಗುವುದಿಲ್ಲ, ನಾಲ್ಕು ಕೋಣೆಯಲ್ಲಿ ಏಳು ಜನ. 40 ಸೆಕೆಂಡಿನಿಂದ ಒಂದು ನಿಮಿಷ, ಅಷ್ಟೇ. ಅದಕ್ಕಿಂತ ಉದ್ದವಾದರೆ ಕೇಳುವವರು ವೇಗ ಹೆಚ್ಚಿಸಿ ಕೇಳುತ್ತಾರೆ, ಆಗ ದನಿಯ ಏರಿಳಿತವೇ ಹೋಗಿಬಿಡುತ್ತದೆ. ನಾವು ಕಳಿಸುವುದೇ ಅದಕ್ಕಾಗಿ ತಾನೆ?

ಪುತ್ತೂರಿನವರ ಮೊದಲ ವಾಯ್ಸ್ ನೋಟ್ ನನಗೆ ಈಗಲೂ ನೆನಪುಂಟು. "ನೀವು ಎಂತ ಮಾಡ್ತಾ ಇದ್ದೀರಿ? ಇಲ್ಲಿ ಜೋರು ಮಳೆ ಮಾರ್ರೆ" ಅಂತ. ಹಿಂದೆ ತಗಡಿನ ಮೇಲೆ ಮಳೆ ಬೀಳುವ ಸದ್ದು. ಆ ಒಂದು ಮಾತಿನಿಂದ ಹತ್ತು ದಿನದ ಚಾಟ್‌ನಲ್ಲಿ ಸಿಗದ್ದು ಸಿಕ್ಕಿತು. ನಮ್ಮದೇ ಕನ್ನಡ. ನಾನು "ಉಂಟು" ಅಂದರೆ ಅರ್ಥ ಮಾಡಿಸಬೇಕಾಗಿಲ್ಲ. ಮೂರು ವಾರದಲ್ಲಿ ಅವರ ದನಿ ಕೇಳದೆ ಮಲಗುವುದೇ ಕಷ್ಟ ಅನ್ನಿಸಲು ಶುರುವಾಯಿತು.

ಆದರೆ ವಾಯ್ಸ್ ನೋಟ್ ಮುಚ್ಚಿಡುವ ಒಂದು ವಿಷಯ ಉಂಟು, ಅದು ನನಗೆ ತಡವಾಗಿ ತಿಳಿಯಿತು. ಅದರಲ್ಲಿ ಯಾರೂ ಯಾರ ಮಾತನ್ನೂ ತಡೆಯಲು ಆಗುವುದಿಲ್ಲ. ಒಬ್ಬರು ಪೂರ್ತಿ ಹೇಳಿ ಮುಗಿಸಿದ ಮೇಲೇ ಇನ್ನೊಬ್ಬರ ಸರದಿ. ಹಾಗಾಗಿ ಎಲ್ಲರೂ ಒಳ್ಳೆಯ ಕೇಳುಗರಂತೆ ಕಾಣುತ್ತಾರೆ. ಆರನೇ ವಾರ ಪುತ್ತೂರಿನವರ ಜೊತೆ ಮೊದಲ ಸಲ ವೀಡಿಯೋ ಕಾಲ್ ಮಾಡಿದೆವು. ಹದಿನೈದು ನಿಮಿಷದಲ್ಲಿ ನಾನು ಒಂದೇ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ಶಾಲೆಯ ವಿಷಯ ಎತ್ತಿದೆ, ಅವರು ತಮ್ಮ ಆಫೀಸಿನ ವಿಷಯಕ್ಕೆ ಹೋದರು. ಅಮ್ಮನ ಮಂಡಿನೋವಿನ ಬಗ್ಗೆ ಹೇಳಲು ಹೊರಟೆ, ಅವರಿಗೆ ಗೊತ್ತಿರುವ ಡಾಕ್ಟರ್ ಬಗ್ಗೆ ಶುರು ಮಾಡಿದರು. ಕೆಟ್ಟ ಮನುಷ್ಯರಲ್ಲ, ಸುಳ್ಳು ಹೇಳಿದವರೂ ಅಲ್ಲ. ಫೋಟೋದಲ್ಲಿ ಇದ್ದ ಹಾಗೆಯೇ ಇದ್ದರು. ಆದರೆ ಆ ಐದು ವಾರ ನಾನು ಹಚ್ಚಿಕೊಂಡಿದ್ದು ಅವರ ದನಿಗೆ, ಅವರ ಜೊತೆಗಿನ ಮಾತುಕತೆಗೆ ಅಲ್ಲ. ಮಾತುಕತೆ ಅನ್ನುವುದು ಅಲ್ಲಿ ಇರಲೇ ಇಲ್ಲ. ಇನ್ನೂ ಎರಡು ಕಾಲ್ ಮಾಡಿ ನೋಡಿ, ಭೇಟಿ ಬೇಡ ಅಂತ ಹೇಳಿದೆ. ಆ ಐದು ವಾರಕ್ಕೆ ಈಗಲೂ ಬೇಸರ ಉಂಟು.

ವಾಯ್ಸ್ ನೋಟ್‌ನ ಇನ್ನೊಂದು ತೊಂದರೆ ಹಿನ್ನೆಲೆಯ ಸದ್ದು. ಒಮ್ಮೆ ಕುಂಬಳೆಯಲ್ಲಿ ಬಸ್ ಕಾಯುತ್ತಾ ಬೇರೊಬ್ಬರಿಗೆ ಒಂದು ಕಳಿಸಿದ್ದೆ. ಊರಿನ ಹೆಸರು ಹೇಳಿರಲಿಲ್ಲ. ಉತ್ತರ ಬಂತು: "ನೀವು ಬದಿಯಡ್ಕದವರಾ?" ಕಂಡಕ್ಟರ್ ಕೂಗಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಂದಿನಿಂದ ಕಳಿಸುವ ಮೊದಲು ಇಯರ್‌ಫೋನ್ ಹಾಕಿ ಒಮ್ಮೆ ಕೇಳುತ್ತೇನೆ, ನನ್ನ ಮಾತನ್ನಲ್ಲ, ಹಿಂದಿನ ಸದ್ದನ್ನು. ದೇವಸ್ಥಾನದ ಮೈಕ್, ಶಾಲೆಯ ಗಂಟೆ, ಮನೆಯವರು ಹೆಸರು ಹಿಡಿದು ಕರೆಯುವುದು, ಎಲ್ಲ ಅದರೊಳಗೆ ಸೇರಿಬಿಡುತ್ತದೆ.

ಈಗ ಮಂಜೇಶ್ವರದವರು. ಅವರಿಗೆ ಟೈಪ್ ಮಾಡುವುದೂ ಇಷ್ಟ ಇಲ್ಲ, ರೆಕಾರ್ಡ್ ಮಾಡುವುದೂ ಮುಜುಗರ. "ಹತ್ತು ನಿಮಿಷ ವೀಡಿಯೋದಲ್ಲಿ ಮಾತಾಡುವ, ಆಗ್ಬಹುದಾ?" ಅಂತ ನೇರವಾಗಿ ಕೇಳಿದರು. ಹತ್ತು ನಿಮಿಷ ಅಂತ ಮೊದಲೇ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಸಮಯ ಗೊತ್ತಿದ್ದರೆ ಹೇಗೆ ಮುಗಿಸುವುದು ಅಂತ ಒದ್ದಾಡಬೇಕಾಗಿಲ್ಲ. ನಂಬರ್ ಕೊಡದೆ ಆ್ಯಪ್‌ನ ಒಳಗಿನ ಕಾಲ್‌ನಲ್ಲೇ ಮಾತಾಡಿದೆವು. ಎಲ್ಲ ಆ್ಯಪ್‌ನಲ್ಲೂ ಅದು ಇರುವುದಿಲ್ಲ, ಇದ್ದರೆ ಮೊದಲು ಅದನ್ನೇ ಬಳಸಿ. ನಿಮ್ಮ ಫೋನ್ ನಂಬರ್ ಸಿಕ್ಕಿದವರು ಅದನ್ನು ಯುಪಿಐ ಆ್ಯಪ್‌ಗೆ ಹಾಕಿದರೆ ಸಾಕು, ಅದು ಯುಪಿಐಗೆ ಜೋಡಿಸಿದ ನಂಬರ್ ಆಗಿದ್ದರೆ ಖಾತೆಯಲ್ಲಿರುವ ಹೆಸರು ಬರುತ್ತದೆ. ಒಮ್ಮೆ ಕೊಟ್ಟ ನಂಬರನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ನಾನು ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಿಗೆ ಒರಗಿಸಿ ಕೂತೆ, ಎಲ್ಲರೂ ಮದುವೆಗೆ ಹೋಗಿದ್ದ ದಿನ. ಹಿಂದಿನ ಗೋಡೆಯಲ್ಲಿ ನಮ್ಮ ಊರಿನ ಅಂಗಡಿಯ ಕ್ಯಾಲೆಂಡರ್ ಇತ್ತು, ಅದನ್ನು ತೆಗೆದಿಟ್ಟೆ. ಹತ್ತು ನಿಮಿಷದ ಬದಲು ಏಳೇ ನಿಮಿಷಕ್ಕೆ ಮುಗಿಯಿತು. ನಾನು ಏನು ಕೇಳಿದರೂ ಅವರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದರು. ನಾನು ನಕ್ಕರೆ ಅವರು ತಡವಾಗಿ ನಗುತ್ತಿದ್ದರು. ಇವರಿಗೆ ನನ್ನಲ್ಲಿ ಆಸಕ್ತಿಯೇ ಇಲ್ಲ ಅಂತ ಅಂದುಕೊಂಡು, ಅಲ್ಲಿಗೇ ಬಿಡುವ ಅಂತ ತೀರ್ಮಾನಿಸಿದ್ದೆ.

ಬಿಡದೇ ಇದ್ದದ್ದು ನನ್ನ ತಂಗಿಯ ಮಾತಿನಿಂದ. "ಅಕ್ಕ, ಅಡುಗೆಮನೆಯಲ್ಲಿ ನೆಟ್ ಎಲ್ಲಿ ಬರ್ತದೆ? ಅದು ಕಾಲ್ ಲೇಟ್ ಆಗಿ ಹೋದದ್ದು" ಅಂದಳು. ಮುಂದಿನ ಕಾಲ್ ಟೆರೇಸ್ ಮೇಲಿಂದ ಮಾಡಿದೆ. ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿದೆ. ಯೋಚನೆ ಮಾಡುವ ಅಗತ್ಯವೇ ಇಲ್ಲದ ಪ್ರಶ್ನೆ ಕೇಳುವುದು. "ಊಟ ಆಯ್ತಾ?" "ಇವತ್ತು ಯಾವ ವಾರ?" ಇಂಥದ್ದಕ್ಕೂ ತಡವಾದರೆ ಅದು ನೆಟ್‌ವರ್ಕ್. ಇಂಥದ್ದಕ್ಕೆ ಬೇಗ, ಮನಸ್ಸಿನ ಪ್ರಶ್ನೆಗೆ ಮಾತ್ರ ತಡ ಅಂದರೆ ಅದು ಆ ಮನುಷ್ಯನ ಸ್ವಭಾವ. ಟೆರೇಸ್‌ನಲ್ಲಿ "ಊಟ ಆಯ್ತಾ" ಅಂದ ಕೂಡಲೇ "ಆಯ್ತು" ಅಂದರು. ತಂಗಿ ಹೇಳಿದ್ದು ಸರಿಯಿತ್ತು ಅಂತ ಸಮಾಧಾನ ಆಯಿತು. ಆದರೂ ಅವರ ಮುಖದಲ್ಲಿ ಬಿಗಿ ಇತ್ತು. ಕ್ಯಾಮೆರಾ ಮುಂದೆ ಕೆಲವರು ಹಾಗೇ, ತಮ್ಮದೇ ಮುಖವನ್ನು ಮೂಲೆಯಲ್ಲಿ ನೋಡುತ್ತಾ ಕೂರುತ್ತಾರೆ. ಆ ಸಣ್ಣ ಚೌಕವನ್ನು ಮರೆಮಾಡಲು ಆಗುವಲ್ಲಿ ಮರೆಮಾಡಿ, ಇಲ್ಲವಾದರೆ ಅದರ ಮೇಲೆ ಒಂದು ಚೀಟಿ ಅಂಟಿಸಿ. ನಾನು ಹಾಗೇ ಮಾಡುತ್ತೇನೆ, ತುಂಬಾ ವ್ಯತ್ಯಾಸ ಆಗುತ್ತದೆ.

ಅಲ್ಲಿಂದ ನಾನು ವಾಯ್ಸ್ ನೋಟ್ ಕೇಳಿದೆ. ಮುಜುಗರ ಅಂದರು. ಸರಿ, ದಿನಕ್ಕೆ ಒಂದೇ, ಅದೂ ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಅಂತ ಒಪ್ಪಿಕೊಂಡೆವು. ಮೂರನೇ ದಿನದ್ದು ಅವರ ಅಜ್ಜ ಯಕ್ಷಗಾನಕ್ಕೆ ಚೆಂಡೆ ಬಾರಿಸುತ್ತಿದ್ದ ಬಗ್ಗೆ. ಎರಡು ನಿಮಿಷ ಇತ್ತು, ನಾನು ವೇಗ ಹೆಚ್ಚಿಸಲೇ ಇಲ್ಲ. ಕ್ಯಾಮೆರಾ ಇಲ್ಲದಾಗ ಅದೇ ಮನುಷ್ಯನ ದನಿ ಪೂರ್ತಿ ಬಿಚ್ಚಿಕೊಂಡಿತ್ತು.

ಹಾಗಾಗಿ ಎರಡನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಂಡದ್ದು ಇದು. ದನಿಯಿಂದ ಸಲುಗೆ ಬೇಗ ಬೆಳೆಯುತ್ತದೆ, ಆದರೆ ಅದು ಒಮ್ಮುಖ. ವೀಡಿಯೋದಲ್ಲಿ ಸಲುಗೆ ನಿಧಾನ, ಆದರೆ ಇಬ್ಬರ ನಡುವೆ ಮಾತು ಹೇಗೆ ಹರಿಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು. ನಾನು ಈಗ ಒಂದು ವಾರ ವಾಯ್ಸ್ ನೋಟ್, ಆಮೇಲೆ ಹತ್ತು ನಿಮಿಷದ ವೀಡಿಯೋ, ಮತ್ತೆ ಕೆಲವು ದಿನ ಬಿಟ್ಟು ಇನ್ನೊಂದು ವೀಡಿಯೋ ಅಂತ ಹೇಳುತ್ತೇನೆ. ಮೊದಲ ವೀಡಿಯೋ ಕಾಲ್ ನೋಡಿ ಮಾತ್ರ ಯಾರನ್ನೂ ಬಿಡಬೇಡಿ. ಎರಡು ವಾರ ದಾಟಿದ ಮೇಲೂ ಕ್ಯಾಮೆರಾ ಹಾಳಾಗಿದೆ ಅನ್ನುವವರಿಗೆ ಕಾಯಬೇಡಿ.

ಹುಡುಗರಿಗೆ ಒಂದು ಮಾತು, ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ಮ್ಯಾಚ್ ಆದ ಅದೇ ರಾತ್ರಿ ನಂಬರ್ ಕೇಳಿ ವಾಟ್ಸಾಪ್ ವೀಡಿಯೋ ಕಾಲ್ ಬಂತು. ಆ ಕಡೆ ಒಬ್ಬಳು ಬಟ್ಟೆ ಬಿಚ್ಚುವ ದೃಶ್ಯ, ಮಾತೇ ಇಲ್ಲ. ಅದು ಮೊದಲೇ ತೆಗೆದ ವೀಡಿಯೋ. ಇವನ ಮುಖದ ಜೊತೆ ಸ್ಕ್ರೀನ್ ರೆಕಾರ್ಡ್ ಮಾಡಿ, ದುಡ್ಡು ಕೊಡದಿದ್ದರೆ ಮನೆಯವರಿಗೆ ಕಳಿಸುತ್ತೇವೆ ಅಂದರು. ಹೆದರಿ ಎರಡು ಸಲ ಕೊಟ್ಟ, ಮತ್ತೆ ಕೇಳಿದರು. ಕೊಟ್ಟಷ್ಟೂ ಕೇಳುತ್ತಾರೆ. ದುಡ್ಡು ಕೊಡದೆ, ಮೆಸೇಜ್ ಅಳಿಸದೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ಫೋನ್ ಮಾಡಬೇಕು ಅಥವಾ cybercrime.gov.in ನಲ್ಲಿ ದೂರು ಹಾಕಬೇಕು. ವಾಯ್ಸ್ ನೋಟ್ ಮೊದಲು ಕೇಳುವುದು ಇಲ್ಲಿ ಒಳ್ಳೆಯ ಜರಡಿ. "ನನ್ನ ಹೆಸರು ಹೇಳಿ, ಇವತ್ತು ನಿಮ್ಮ ಊರಲ್ಲಿ ಮಳೆ ಉಂಟಾ ಹೇಳಿ" ಅಂತ ಕೇಳಿ. ಮೊದಲೇ ಮಾಡಿಟ್ಟ ವೀಡಿಯೋ ಹಿಡಿದು ಕೂತವರು ಇಂಥದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೂರುವುದಿಲ್ಲ, ಜಾರಿಕೊಳ್ಳುತ್ತಾರೆ.

ಮಂಜೇಶ್ವರದವರನ್ನು ಐದನೇ ವಾರ ಭೇಟಿಯಾದೆ. ಮಂಗಳೂರು, ಬೆಳಗ್ಗೆ ಹನ್ನೊಂದು ಗಂಟೆ, ಜನ ಇರುವ ಹೋಟೆಲ್, ತಂಗಿಗೆ ಲೈವ್ ಲೊಕೇಶನ್ ಕಳಿಸಿದ್ದೆ. ದನಿ ಗೊತ್ತಿದ್ದುದರಿಂದ ಮೊದಲ ಐದು ನಿಮಿಷದ ಗಾಬರಿ ಇರಲಿಲ್ಲ. "ನೀರ್‌ದೋಸೆ ಹೇಳುವುದಾ?" ಅಂತ ಅವರು ಕೇಳಿದ್ದೇ ವಾಯ್ಸ್ ನೋಟ್‌ನಂತೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ನಾನು ಕೇಳಿದೆ, ಮಂಜೇಶ್ವರ ಬಿಟ್ಟು ಬೇರೆ ಕಡೆ ಇರಲು ನಿಮಗೆ ಆಗುತ್ತದಾ ಅಂತ. ಅವರು ಲೋಟ ಕೆಳಗಿಟ್ಟರು. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಉತ್ತರ ಕೊಟ್ಟರು. ಎದುರಿಗೇ ಕೂತಿದ್ದೆವು, ನಡುವೆ ಯಾವ ನೆಟ್‌ವರ್ಕೂ ಇರಲಿಲ್ಲ.