ಅಂಗಡಿ ಪೇಜಿಗೆ ಕ್ಯಾರೊಸೆಲ್ ಮಾಡಿಸುವವರು ಸ್ವಲ್ಪ ನೋಡಿಕೊಳ್ಳಿ

ರಾಜ್ಯೋತ್ಸವ, ಯುಗಾದಿ ಅಂತ ಅಂಗಡಿಯ ಇನ್‌ಸ್ಟಾಗ್ರಾಂ ಪೇಜಿಗೆ ಹೊರಗಿನವರಿಂದ ಕ್ಯಾರೊಸೆಲ್ ಮಾಡಿಸುವವರು ಇದನ್ನೊಮ್ಮೆ ಓದಿ. ನಮ್ಮ ಅಕ್ಕನ ಸೀರೆ ಅಂಗಡಿಗೆ ಒಬ್ಬ ಫ್ರೀಲ್ಯಾನ್ಸ್ ಡಿಸೈನರ್ ನವೆಂಬರ್ 1ಕ್ಕೆ ಎಂಟು ಸ್ಲೈಡ್ ಮಾಡಿಕೊಟ್ಟಿದ್ದರು. ಚೆನ್ನಾಗಿಯೇ ಇತ್ತು, ಜನ ಶೇರ್ ಕೂಡ ಮಾಡಿದರು. ಆಮೇಲೆ ಮೊದಲ ಸ್ಲೈಡಿನ ಜೋಗದ ಫೋಟೊ ತೆಗೆದವರಿಂದ ಮೇಲ್ ಬಂತು. ಜೊತೆಗೆ ಕ್ಯಾಮೆರಾದ ಮೂಲ ಫೈಲು, ಅವರ ಪೇಜಿನಲ್ಲಿ ಅದೇ ಫೋಟೊ ಇರುವ ಸ್ಕ್ರೀನ್‌ಶಾಟು. ಅವರ ಫೋಟೊದ ಬಲ ಮೂಲೆಯಲ್ಲಿ ಅವರ ಹೆಸರಿತ್ತು. ನಮ್ಮ ಸ್ಲೈಡಿನಲ್ಲಿ ಕರೆಕ್ಟಾಗಿ ಆ ಮೂಲೆಯೇ ಇರಲಿಲ್ಲ.

ಡಿಸೈನರ್‌ಗೆ ಫೋನ್ ಮಾಡಿದರೆ, "ಗೂಗಲ್‌ನಲ್ಲಿ ಸಿಕ್ತು ಮೇಡಂ, ಎಲ್ರೂ ಹಾಕ್ತಾರೆ. ಕೆಳಗೆ ಕೃಪೆ: ಇಂಟರ್‌ನೆಟ್ ಅಂತ ಬರೆದಿದೀನಲ್ಲ" ಅಂದರು. ಅಷ್ಟರಲ್ಲಿ ಆ ಫೋಟೊಗ್ರಾಫರ್ ಇನ್‌ಸ್ಟಾಗ್ರಾಂಗೂ ದೂರು ಕೊಟ್ಟಾಗಿತ್ತು. ಪೋಸ್ಟ್ ಹೋಯಿತು. ತಪ್ಪು ಇದ್ದದ್ದು ಮೊದಲ ಸ್ಲೈಡಿನಲ್ಲಿ, ಆದರೆ ಎಂಟೂ ಹೋದವು, ಅಕ್ಕನ ಸೀರೆಗಳದ್ದೇ ಫೋಟೊಗಳೂ ಸೇರಿ. ಕೊನೆಗೆ ಫೋಟೊಗೆ ದುಡ್ಡು ಕೊಟ್ಟು ರಾಜಿ ಆಯಿತು. ಡಿಸೈನರ್ ಬಿಲ್ಲಿಗಿಂತ ಅದೇ ಜಾಸ್ತಿ. ಪೇಜು ಅಂಗಡಿಯದು, ಹಾಕಿದ್ದು ಅಂಗಡಿ. ಹಾಗಾಗಿ ನೋಟಿಸು ಬರುವುದೂ ಅಂಗಡಿಗೇ. ಡಿಸೈನರ್ ಈಗ ಫೋನ್ ಎತ್ತುತ್ತಿಲ್ಲ, ಅದು ಬೇರೆ ಕಥೆ.

"ಕೃಪೆ" ಅಂತ ಬರೆದರೆ ಅನುಮತಿ ಪಡೆದ ಹಾಗಲ್ಲ. "ನಿಮ್ಮದಾಗಿದ್ದರೆ ಮೆಸೇಜ್ ಮಾಡಿ, ತೆಗೆಯುತ್ತೇವೆ" ಅನ್ನುವುದೂ ಅಷ್ಟೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸ್ವಂತ ಉಪಯೋಗ, ವಿಮರ್ಶೆ, ಸುದ್ದಿ ಇಂಥವಕ್ಕೆ ವಿನಾಯಿತಿ ಇದೆ. ಸೀರೆ ಮಾರುವ ಪೋಸ್ಟಿನ ಅಲಂಕಾರ ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಇನ್ನು ಮಾಲೀಕರ ಹೆಸರನ್ನು ಗೊತ್ತಿದ್ದೂ ಕತ್ತರಿಸಿದರೆ ಅದಕ್ಕೆ 65ಬಿ ಅಂತ ಬೇರೆಯೇ ಕಲಮು ಇದೆ. ಎರಡು ವರ್ಷದವರೆಗೆ ಜೈಲು, ದಂಡ. ಆ ಕತ್ತರಿಸಿದ ಮೂಲೆ ಎಷ್ಟು ದುಬಾರಿ ಅಂತ ವಕೀಲರು ಹೇಳಿದ ಮೇಲೇ ಅಕ್ಕ ರಾಜಿಗೆ ಒಪ್ಪಿದ್ದು.

ಈ ಗಲಾಟೆ ಆದ ಮೇಲೆ ಉಳಿದ ಸ್ಲೈಡುಗಳನ್ನು ಒಂದೊಂದಾಗಿ ನೋಡಿದೆವು. ಆಗ ಕಂಡಿದ್ದು, ಫೋಟೊ ಬರೀ ಮೊದಲನೇ ತಲೆನೋವು.

ನಾಲ್ಕನೇ ಸ್ಲೈಡಿನಲ್ಲಿ ಡಿವಿಜಿಯವರ ಕಗ್ಗದ ಒಂದು ಪದ್ಯ ಇತ್ತು. ಅದು ಹಳೆಯದು, ಎಲ್ಲರ ಬಾಯಲ್ಲೂ ಇದೆ, ಫ್ರೀ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ಕಾಯ್ದೆ ನೋಡುವುದು ಬರೆದವರು ತೀರಿಕೊಂಡ ವರ್ಷವನ್ನು. ಅದರ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ. ಅಂದರೆ 2035ರ ಕೊನೆಯವರೆಗೆ ಕಾಯಬೇಕು. ಬೇಂದ್ರೆಯವರು 1981, ಅವರ ಕವಿತೆಗೆ 2041. ಕುವೆಂಪು 1994, ಅಂದರೆ 2054. "ನಾಲ್ಕೇ ಸಾಲು ತಾನೆ" ಅನ್ನುವ ವಾದ ಕಗ್ಗದ ವಿಷಯದಲ್ಲಿ ಇನ್ನೂ ವೀಕು. ಅಲ್ಲಿ ನಾಲ್ಕು ಸಾಲು ಅಂದರೆ ಒಂದು ಇಡೀ ಪದ್ಯ.

ಹಾಗಾದರೆ ಏನು ಹಾಕಬಹುದು? ಬಿ.ಎಂ.ಶ್ರೀ ತೀರಿಕೊಂಡಿದ್ದು 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದದ್ದರ ಅವಧಿ 2006ಕ್ಕೇ ಮುಗಿದಿದೆ. ಪಂಜೆ ಮಂಗೇಶರಾಯರದು ಅದಕ್ಕೂ ಮೊದಲೇ. ವಚನ, ದಾಸರ ಪದ, ಸರ್ವಜ್ಞನ ತ್ರಿಪದಿ, ಗಾದೆ ಇವಕ್ಕೆ ಯಾರ ಅಪ್ಪಣೆಯೂ ಬೇಡ. ಇಲ್ಲೂ ಒಂದು ಕಡೆ ಜನ ಜಾರುತ್ತಾರೆ. ವಚನ ಬಸವಣ್ಣನದು, ಆದರೆ ಅದರ ಕೆಳಗಿನ ಅರ್ಥವನ್ನು ಈಗಿನ ಯಾವುದೋ ಪುಸ್ತಕದಿಂದ ಎತ್ತಿರುತ್ತಾರೆ. ಆ ಅರ್ಥ ಬರೆದವರದು. ನಿಮ್ಮ ಮಾತಲ್ಲೇ ಎರಡು ಸಾಲು ಬರೆದುಕೊಳ್ಳಿ, ಮುಗಿಯಿತು.

ಏಳನೇ ಸ್ಲೈಡಿನಲ್ಲಿ ಒಂದು ಸಿನಿಮಾ ಹಾಡಿನ ಎರಡು ಸಾಲು. ಇದರ ಹಿಂದಿನ ಕಥೆ ಮಜವಾಗಿದೆ. ಬಿಸಿನೆಸ್ ಅಕೌಂಟ್‌ಗೆ ಇನ್‌ಸ್ಟಾಗ್ರಾಂನ ಪೂರ್ತಿ ಹಾಡಿನ ಪಟ್ಟಿ ಸಿಗುವುದಿಲ್ಲ. ಹಾಡಿನ ಕಂಪನಿಗಳ ಜೊತೆ ಇನ್‌ಸ್ಟಾಗ್ರಾಂಗೆ ಇರುವ ಒಪ್ಪಂದ ವ್ಯಾಪಾರದ ಬಳಕೆಗೆ ಅಲ್ಲ. ಹಾಡು ಸಿಗಲಿಲ್ಲ ಅಂತ ಡಿಸೈನರ್ ಸಾಲನ್ನೇ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟರು! ಒಂದು ಹಾಡಿನಲ್ಲಿ ಸಾಹಿತ್ಯ, ರಾಗ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು ಇರುತ್ತದೆ. ಆಡಿಯೊ ಬಿಟ್ಟರೂ ಸಾಹಿತ್ಯದ ಹಕ್ಕು ಹಾಗೇ ಉಳಿಯುತ್ತದೆ. ಈಗ ಅಕ್ಕ ಆ ಜಾಗದಲ್ಲಿ ಅಂಗಡಿಗೆ ಬರುವವರು ದಿನಾ ಕೇಳುವ ಮಾತನ್ನೇ ಹಾಕಿದ್ದಾಳೆ: "ಈ ಬಣ್ಣದಲ್ಲಿ ಇನ್ನೊಂದು ತೋರ್ಸಿ." ಹಿನ್ನೆಲೆಗೆ Meta Sound Collection ಅನ್ನೋದರಲ್ಲಿ ಸಿಗುವ ವಾದ್ಯದ ತುಣುಕು. ಅದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಮಾತ್ರ. ಅದೇ ವಿಡಿಯೊ ಯೂಟ್ಯೂಬ್‌ಗೆ ಹಾಕಬೇಡಿ.

ಫೋಟೊಗೆ ಮೊದಲ ಆಯ್ಕೆ ನಿಮ್ಮ ಫೋನಿನ ಕ್ಯಾಮೆರಾ. ಇಲ್ಲದಿದ್ದರೆ ವಿಕಿಮೀಡಿಯಾ ಕಾಮನ್ಸ್ ಅನ್ನುವ ಫೋಟೊ ಸೈಟು. ಜೋಗದ ಫೋಟೊಗಳು ಅಲ್ಲೂ ಇವೆ. ಆದರೆ ಫೋಟೊದ ಕೆಳಗಿನ ಲೈಸೆನ್ಸ್ ಓದಿ. `CC0` ಆದರೆ ಏನೂ ತೊಂದರೆ ಇಲ್ಲ. `CC BY` ಆದರೆ ತೆಗೆದವರ ಹೆಸರು, ಲೈಸೆನ್ಸಿನ ಹೆಸರು, ಎಲ್ಲಿಂದ ತಂದಿದ್ದು, ಏನು ಬದಲಾಯಿಸಿದಿರಿ ಅಂತ ಕ್ಯಾಪ್ಷನ್‌ನಲ್ಲಿ ಬರೆಯಿರಿ. `CC BY-SA` ಇದ್ದು ಅದರ ಮೇಲೆ ನೀವು ಡಿಸೈನ್ ಮಾಡಿದರೆ, ಆ ಸ್ಲೈಡನ್ನೂ ಅದೇ ಲೈಸೆನ್ಸಿನಲ್ಲಿ ಬಿಟ್ಟುಕೊಡಬೇಕು. ಬೇರೆ ಸೈಟುಗಳಲ್ಲಿ `NC` ಅಂತ ಕಂಡರೆ ಅಂಗಡಿಯವರು ಮುಟ್ಟಬೇಡಿ, ಅದು ವ್ಯಾಪಾರಕ್ಕಲ್ಲ. `ND` ಅಂದರೆ ಬದಲಾಯಿಸಿ ಹಾಕುವ ಹಾಗಿಲ್ಲ. ಮೇಲೆ ಅಕ್ಷರ ಬರೆಯುವ ಸ್ಲೈಡಿಗೆ ಅದರಿಂದ ಉಪಯೋಗವೂ ಇಲ್ಲ. ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಾಲೀಕರು ಮುಂದೆ ಪೇಜನ್ನು ಬದಲಾಯಿಸಿದರೂ ನಿಮ್ಮ ಹತ್ತಿರ ದಾಖಲೆ ಇರುತ್ತದೆ.

ಯಾರದೋ ಫೋಟೊನೇ ಬೇಕು ಅಂದರೆ ನೇರವಾಗಿ ಕೇಳಿ. ಬಹಳ ಜನ ಸಣ್ಣ ಮೊತ್ತಕ್ಕೆ, ಕೆಲವೊಮ್ಮೆ ಹೆಸರು ಹಾಕಿದರೆ ಸಾಕು ಅಂತಲೂ ಕೊಡುತ್ತಾರೆ. ಒಪ್ಪಿಗೆ ಬರಹದಲ್ಲೇ ಇರಲಿ. ಎಲ್ಲಿ ಹಾಕುತ್ತೀರಿ, ಎಷ್ಟು ಕಾಲ, ಕತ್ತರಿಸಬಹುದಾ, ಜಾಹೀರಾತಿಗೂ ಬಳಸಬಹುದಾ ಅಂತ ಕೇಳಿ ಬರೆಸಿಕೊಳ್ಳಿ. ಎಷ್ಟು ಕಾಲ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ.

ಅಕ್ಕ ಹೊಸ ಡಿಸೈನರ್‌ಗೆ ಈಗ ಒಂದೇ ಷರತ್ತು ಹಾಕಿದ್ದಾಳೆ. ಪ್ರತಿ ಸ್ಲೈಡಿಗೂ ಫೋಟೊ ಎಲ್ಲಿಯದು, ಸಾಲು ಯಾರದು, ಲೈಸೆನ್ಸ್ ಯಾವುದು ಅಂತ ಒಂದು ಶೀಟ್ ಜೊತೆಗೆ ಬರಬೇಕು. ಶೀಟ್ ಬರದೆ ಬಾಕಿ ದುಡ್ಡಿಲ್ಲ. ಡಿಸೈನಿನ ಹಕ್ಕನ್ನು ಅಂಗಡಿಗೆ ಕೊಟ್ಟಿದ್ದೇನೆ ಅಂತಲೂ ಸಹಿ ಹಾಕಿಸಿಕೊಳ್ಳುತ್ತಾಳೆ. ಹಾಗೆ ಬರಹದಲ್ಲಿ ಇಲ್ಲದಿದ್ದರೆ ಸ್ಲೈಡಿನ ಡಿಸೈನು ಸಾಮಾನ್ಯವಾಗಿ ಫ್ರೀಲ್ಯಾನ್ಸರ್ ಹತ್ತಿರವೇ ಉಳಿಯುತ್ತದೆ.

ಈಗಾಗಲೇ ಹಾಕಿರುವ ಪೋಸ್ಟಿನಲ್ಲಿ ಇಂಥ ಸ್ಲೈಡ್ ಇದ್ದರೆ ಎಡಿಟ್‌ಗೆ ಹೋಗಿ ಆ ಒಂದು ಸ್ಲೈಡನ್ನು ಮಾತ್ರ ಅಳಿಸಬಹುದು. ದೂರು ಬರುವ ಮೊದಲು ಮಾಡಿದರೆ ಉಳಿದ ಸ್ಲೈಡು, ಲೈಕು, ಕಾಮೆಂಟು ಹಾಗೇ ಉಳಿಯುತ್ತವೆ.